ನೀನು ಎಲ್ಲಿ, ನೀವು ಎಲ್ಲಿ?

ಕನ್ನಡದಲ್ಲಿ ‘ನೀನು’ ಒಬ್ಬರಿಗೆ ಮಾತ್ರ ಹೇಳುವ ಮಾತು. ‘ನೀವು’ ಹಲವರಿಗೂ ಸಲ್ಲುತ್ತದೆ, ಗೌರವ ತೋರಬೇಕಾದ ಒಬ್ಬರಿಗೂ ಸಲ್ಲುತ್ತದೆ. ಬೆಂಗಳೂರಿನ ಕಚೇರಿಗೆ ಹೊಸದಾಗಿ ಬಂದ ವಿದೇಶಿ ಸಹೋದ್ಯೋಗಿ ಇಷ್ಟನ್ನು ಬೇಗ ಕಲಿಯುತ್ತಾರೆ. ಅವರು ಎಡವುವುದು ಕ್ರಿಯಾಪದದಲ್ಲಿ.

ಆಡುಮಾತಿನಲ್ಲಿ ನೀನು, ನೀವು ಎಂಬ ಪದಗಳೇ ಅನೇಕ ಸಲ ಬರುವುದಿಲ್ಲ. ‘ಯಾವಾಗ ಬಂದೆ?’ ಎಂದರೆ ಸಲಿಗೆ, ‘ಯಾವಾಗ ಬಂದ್ರಿ?’ ಎಂದರೆ ಗೌರವ. ಎರಡೂ ಗೊತ್ತಾಗುವುದು ಕೊನೆಯ ಅಕ್ಷರದಿಂದ. ಕೆಲಸ ಹೇಳುವಾಗ ತೊಡಕು ಇನ್ನೂ ಹೆಚ್ಚು. ನೋಡು, ಕೊಡು, ಹೋಗು ಎಂದು ನಿಘಂಟಿನಲ್ಲಿರುವ ರೂಪವೇ ಏಕವಚನದ ಆಜ್ಞೆಯೂ ಹೌದು. ಅದನ್ನು ಹಾಗೇ ಬಾಯಿಪಾಠ ಮಾಡಿದವರು ಕಾರು ಚಾಲಕರಿಗೆ ‘ಸರ್, ಇಲ್ಲಿ ನಿಲ್ಲಿಸು’ ಎನ್ನುತ್ತಾರೆ. ‘ಸರ್’ ಕೊಟ್ಟ ಮರ್ಯಾದೆಯನ್ನು ‘ನಿಲ್ಲಿಸು’ ಕಿತ್ತುಕೊಳ್ಳುತ್ತದೆ. ‘ನಿಲ್ಲಿಸಿ’ ಎಂದಿದ್ದರೆ ‘ಸರ್’ ಇಲ್ಲದೆಯೂ ಮಾತು ಸರಿಯಾಗಿರುತ್ತಿತ್ತು. ಹೀಗಾಗಿ ನೋಡಿ, ಕೊಡಿ, ಹೋಗಿ, ಬನ್ನಿ ಎಂಬ ರೂಪಗಳನ್ನೇ ಮೊದಲು ಕಲಿಯುವುದು ಒಳ್ಳೆಯದು. ‘ಊಟ ಆಯ್ತಾ?’ ಎಂಬಂಥ ಪ್ರಶ್ನೆಯಲ್ಲಿ ಈ ಭೇದವೇ ಇಲ್ಲ. ಅದನ್ನು ಯಾರಿಗೆ ಬೇಕಾದರೂ ಕೇಳಬಹುದು.

ಎದುರಿಗಿಲ್ಲದವರ ಬಗ್ಗೆ ಮಾತಾಡುವಾಗಲೂ ಇದೇ ಎಚ್ಚರ ಬೇಕು. ‘ಮ್ಯಾನೇಜರ್ ಬಂದ’ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ, ‘ಬಂದ್ರು’ ಎನ್ನಬೇಕು. ಹಿರಿಯರನ್ನು, ಪರಿಚಯ ಕಡಿಮೆ ಇರುವವರನ್ನು ಅವನು, ಅವಳು ಎನ್ನದೆ ‘ಅವರು’ ಎನ್ನುವುದು ವಾಡಿಕೆ.

ಹಾಗೆಂದು ‘ನೀನು’ ಅಗೌರವದ ಪದವೇನಲ್ಲ. ದೇವರನ್ನು ಪ್ರಾರ್ಥಿಸುವುದು ನೀನು ಎಂದೇ. ಬಹಳ ಮನೆಗಳಲ್ಲಿ ಅಮ್ಮನಿಗೂ ನೀನು. ಅಪ್ಪನಿಗೆ ಕೆಲವು ಮನೆಗಳಲ್ಲಿ ನೀನು, ಕೆಲವು ಮನೆಗಳಲ್ಲಿ ನೀವು. ಮಕ್ಕಳಿಗೆ, ಆಪ್ತ ಗೆಳೆಯರಿಗೆ ನೀನು ಸಹಜ. ಸಹೋದ್ಯೋಗಿಗಳ ನಡುವೆ ಸ್ನೇಹ ಬಲಿತಾಗ ‘ಬನ್ನಿ, ಹೋಗಿ ಎಲ್ಲ ಬೇಡ’ ಎಂದು ಒಬ್ಬರು ಹೇಳುವುದುಂಟು. ಆ ಮಾತು ಹಿರಿಯರ ಕಡೆಯಿಂದ ಬರುವವರೆಗೆ ಕಾಯಬೇಕು. ಒಮ್ಮೆ ನೀನು ಎಂದಾದ ಮೇಲೆ ಇದ್ದಕ್ಕಿದ್ದಂತೆ ನೀವು ಎಂದು ಶುರುಮಾಡಿದರೆ ಮುನಿಸು ಎಂದು ಅರ್ಥವಾದೀತು. ಗೆಳೆಯರ ಬಾಯಲ್ಲಿ ಕೇಳಿಬರುವ ‘ಏನೋ’, ‘ಏನೇ’ ಇನ್ನೂ ಹೆಚ್ಚಿನ ಸಲಿಗೆಯವು. ಮೊದಲನೆಯದು ಗಂಡಸರಿಗೆ, ಎರಡನೆಯದು ಹೆಂಗಸರಿಗೆ. ಹೊಸಬರು ಅವುಗಳ ತಂಟೆಗೆ ಹೋಗದಿರುವುದೇ ಲೇಸು.

ಅಪರಿಚಿತರ ಜಗಳಗಳಲ್ಲಿ ‘ಏಕವಚನದಲ್ಲಿ ಮಾತಾಡ್ಬೇಡಿ’ ಎಂಬ ಆಕ್ಷೇಪ ಆಗಾಗ ಕೇಳುತ್ತದೆ. ಬೈಗುಳವೇ ಬೇಕಿಲ್ಲ, ಏಕವಚನವೊಂದೇ ಸಾಕು ಮನಸ್ಸು ನೋಯಲು. ಕಾವಲುಗಾರರನ್ನು, ಕಸ ಗುಡಿಸುವವರನ್ನು ಕನ್ನಡಿಗರೇ ಕೆಲವರು ಏಕವಚನದಲ್ಲಿ ಕರೆಯುವುದನ್ನು ಹೊಸಬರು ಕಚೇರಿಯಲ್ಲಿ ಕೇಳಿಸಿಕೊಳ್ಳಬಹುದು. ಅದನ್ನು ಕಲಿಯಬಾರದು. ವಯಸ್ಕರು ಯಾರೇ ಆಗಲಿ, ಕೆಲಸ ಯಾವುದೇ ಇರಲಿ, ‘ನೀವು’ ಎನ್ನುವುದೇ ಸರಿ.