ಕ್ರಿಯಾಪದ ತಿಂದವರ ಕಡೆಗೋ, ರೊಟ್ಟಿಯ ಕಡೆಗೋ?

ಬಾಗಳಿ, ಕೊಟ್ಟೂರು, ಕೂಡ್ಲಿಗಿ ಕಡೆಯ ಹೈಸ್ಕೂಲು ಮಕ್ಕಳ ಹಿಂದಿ ಉತ್ತರಪತ್ರಿಕೆ ತಿದ್ದುವವರಿಗೆ ಒಂದು ತಪ್ಪು ಬಾಯಿಪಾಠವಾಗಿರುತ್ತದೆ. ‘ರಾಮ ರೊಟ್ಟಿ ತಿಂದ’ ಎಂಬುದನ್ನು ಹುಡುಗ ‘ರಾಮ್ ರೋಟೀ ಖಾಯಾ’ ಎಂದು ಬರೆಯುತ್ತಾನೆ. ಸರಿಯಾದದ್ದು ‘ರಾಮ್ ನೇ ರೋಟೀ ಖಾಯೀ’. ‘ನೇ ಹಾಕೋ’ ಎಂದು ಮೇಷ್ಟ್ರು ಗದರಿದ ಮೇಲೆ ಅವನು ‘ರಾಮ್ ನೇ ರೋಟೀ ಖಾಯಾ’ ಎಂದು ಅರ್ಧ ತಿದ್ದಿಕೊಳ್ಳುತ್ತಾನೆ. ಇನ್ನೂ ಹುರುಪಿನವನು ‘ರಾಮ್ ನೇ ಆಯಾ’ ಎಂದು ಬಂದುಹೋದ ರಾಮನಿಗೂ ‘ನೇ’ ಅಂಟಿಸುತ್ತಾನೆ. ಮೂರೂ ತಪ್ಪಿನ ಬೇರು ಒಂದೇ. ಕನ್ನಡದಲ್ಲಿ ಇಲ್ಲದ ಒಂದು ಏರ್ಪಾಡು ಹಿಂದಿಯಲ್ಲಿದೆ. ಭಾಷಾವಿಜ್ಞಾನದಲ್ಲಿ ಅದಕ್ಕೆ ಎರ್ಗೆಟಿವ್ ಎನ್ನುತ್ತಾರೆ.

ಮೊದಲು ನಮ್ಮ ಮಾತನ್ನೇ ನೋಡೋಣ. ‘ಗಂಗವ್ವ ಬಂದ್ಲು’, ‘ಗಂಗವ್ವ ರೊಟ್ಟಿ ತಿಂದ್ಲು’. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ಎರಡರಲ್ಲೂ ಗಂಗವ್ವನ ರೂಪ ಒಂದೇ, ಕ್ರಿಯಾಪದದ ಕೊನೆಯ ‘ಲು’ ಎರಡರಲ್ಲೂ ಅವಳನ್ನೇ ತೋರಿಸುತ್ತದೆ. ಬೇರೆ ಗುರುತು ಬೇಕಾದರೆ ಅದು ಕರ್ಮಕ್ಕೆ: ‘ಗಂಗವ್ವ ಮಗನನ್ನು ಕರೆದಳು’. ಅಂದರೆ ಬಂದವರೂ ತಿಂದವರೂ ಕನ್ನಡಕ್ಕೆ ಒಂದೇ ಗುಂಪು. ತಿನ್ನಿಸಿಕೊಂಡದ್ದು, ಕರೆಸಿಕೊಂಡದ್ದು ಇನ್ನೊಂದು ಗುಂಪು. ಕಾಲ ಯಾವುದಾದರೂ ಈ ಗುಂಪುಗಾರಿಕೆ ಬದಲಾಗುವುದಿಲ್ಲ.

ಎರ್ಗೆಟಿವ್ ಭಾಷೆ ಗೆರೆಯನ್ನು ಬೇರೆ ಕಡೆ ಎಳೆಯುತ್ತದೆ. ಬಂದವರನ್ನೂ ತಿನ್ನಿಸಿಕೊಂಡದ್ದನ್ನೂ ಒಂದು ಗುಂಪಿಗೆ ಸೇರಿಸಿ, ತಿಂದವರಿಗೆ ಮಾತ್ರ ಪ್ರತ್ಯೇಕ ಗುರುತು ಕೊಡುತ್ತದೆ. ಇದರ ನೇರವಾದ ಉದಾಹರಣೆ ಬೇಕಿದ್ದರೆ ಸ್ಪೇನ್–ಫ್ರಾನ್ಸ್ ಗಡಿಯ ಬಾಸ್ಕ್ ಭಾಷೆಗೆ ಹೋಗಬೇಕು. ‘ಗಿಸೋನಾ ಎತೊರ್ರಿ ದಾ’ ಎಂದರೆ ಗಂಡಸು ಬಂದ. ‘ಗಿಸೋನಾಕ್ ಗಿಸೋನಾ ಇಕುಸಿ ದು’ ಎಂದರೆ ಒಬ್ಬ ಗಂಡಸು ಇನ್ನೊಬ್ಬನನ್ನು ನೋಡಿದ. ಬಂದ ಗಂಡಸಿಗೂ ನೋಡಿಸಿಕೊಂಡ ಗಂಡಸಿಗೂ ಒಂದೇ ರೂಪ. ನೋಡಿದವನಿಗೆ ಮಾತ್ರ ‘ಕ್’ ಸೇರಿದೆ.

ಹಿಂದಿ ಇಷ್ಟು ದೂರ ಹೋಗುವುದಿಲ್ಲ. ‘ರಾಮ್ ರೋಟೀ ಖಾತಾ ಹೈ’, ‘ರಾಮ್ ರೋಟೀ ಖಾಯೇಗಾ’ ಎನ್ನುವಾಗ ಅದು ಕನ್ನಡದ ದಾರಿಯಲ್ಲೇ ಇದೆ. ‘ನೇ’ ಇಲ್ಲ, ಕ್ರಿಯಾಪದ ರಾಮನ ಕಡೆಗಿದೆ. ಸಕರ್ಮಕ ಕೆಲಸ ಮುಗಿದಿದ್ದರೆ ಮಾತ್ರ ದಾರಿ ಕವಲೊಡೆಯುತ್ತದೆ. ‘ರಾಮ್ ಆಯಾ’, ‘ಸೀತಾ ಆಯೀ’ ಎಂಬಲ್ಲಿ ಬಂದವರ ಲಿಂಗ. ಆದರೆ ‘ರಾಮ್ ನೇ ರೋಟೀ ಖಾಯೀ’, ‘ಸೀತಾ ನೇ ಆಮ್ ಖಾಯಾ’ ಎಂಬಲ್ಲಿ ತಿಂದವರ ಲಿಂಗಕ್ಕೆ ಬೆಲೆಯೇ ಇಲ್ಲ. ರೊಟ್ಟಿ ಹಿಂದಿಯಲ್ಲಿ ಸ್ತ್ರೀಲಿಂಗ, ಹಾಗಾಗಿ ‘ಖಾಯೀ’; ಮಾವಿನಹಣ್ಣು ಪುಲ್ಲಿಂಗ, ಹಾಗಾಗಿ ‘ಖಾಯಾ’. ಕರ್ಮಕ್ಕೆ ‘ಕೋ’ ಸೇರಿದರೆ ಕ್ರಿಯಾಪದ ಯಾರ ಕಡೆಗೂ ಹೋಗದೆ ಪುಲ್ಲಿಂಗ ಏಕವಚನದಲ್ಲಿ ನಿಲ್ಲುತ್ತದೆ: ‘ಸೀತಾ ನೇ ಗೀತಾ ಕೋ ದೇಖಾ’. ನೋಡಿದವಳು, ನೋಡಿಸಿಕೊಂಡವಳು ಇಬ್ಬರೂ ಹೆಂಗಸರೇ, ಆದರೂ ‘ದೇಖಾ’.

ಮುಗಿದ ಕೆಲಸಕ್ಕೆ ಮಾತ್ರ ಯಾಕೆ ಈ ವ್ಯವಸ್ಥೆ? ಇದರ ಗುಟ್ಟು ಸಂಸ್ಕೃತದ ಕೃದಂತದಲ್ಲಿದೆ. ‘ರಾಮಃ ಗತಃ’ ಎಂಬಲ್ಲಿ ‘ಗತಃ’ ರಾಮನ ವಿಶೇಷಣದಂತಿದೆ. ‘ರಾಮೇಣ ಫಲಂ ಖಾದಿತಮ್’ ಎಂಬಲ್ಲಿ ‘ಖಾದಿತಮ್’ ಎಂಬುದು ಫಲದ ವಿಶೇಷಣ, ರಾಮ ತೃತೀಯಾ ವಿಭಕ್ತಿಗೆ ಸರಿದಿದ್ದಾನೆ. ಭೂತಕಾಲದ ಹಳೆಯ ಕ್ರಿಯಾರೂಪಗಳು ಬಳಕೆ ತಪ್ಪುತ್ತಾ ಹೋದಂತೆ ಆಡುಮಾತುಗಳು ಈ ಕೃದಂತವನ್ನೇ ಭೂತಕಾಲವಾಗಿ ಬಳಸಿದವು. ವರ್ತಮಾನದ ‘ಖಾತಾ’ ಕರ್ತರಿ ಅರ್ಥದ ಕೃದಂತದಿಂದ ಬಂದದ್ದರಿಂದ ಅದಕ್ಕೆ ಈ ಗುಣ ಅಂಟಲಿಲ್ಲ. ‘ನೇ’ ಎಲ್ಲಿಂದ ಬಂತು ಎಂಬುದು ಬೇರೆ ಜಗಳ. ಅದು ‘ರಾಮೇಣ’ದ ‘ಣ’ವೇ ಎಂಬ ಸುಲಭದ ಉತ್ತರವನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ.

ಹಾಗಾದರೆ ಇದು ಕರ್ಮಣಿ ಪ್ರಯೋಗವೇ ತಾನೇ ಎಂದು ಕೇಳಬಹುದು. ಹುಟ್ಟಿನಿಂದ ಹೌದು, ಈಗಿನ ನಡವಳಿಕೆಯಲ್ಲಿ ಅಲ್ಲ. ಹಿಂದಿಗೆ ಕರ್ಮಣಿ ಬೇರೆಯೇ ಇದೆ: ‘ರಾಮ್ ಸೇ ರೋಟೀ ಖಾಯೀ ಗಯೀ’. ‘ನೇ’ ವಾಕ್ಯಕ್ಕೆ ‘ರಾಮನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಎಂಬ ಛಾಯೆಯಿಲ್ಲ. ಬೆಳಿಗ್ಗೆ ರೊಟ್ಟಿ ತಿಂದೆ ಎಂದು ಮನೆಯಲ್ಲಿ ಹೇಳುವ ಮಾಮೂಲಿ ಮಾತೇ ಅದು. ನಮ್ಮ ‘ನನಗೆ ಹಸಿವಾಯ್ತು’, ‘ನನಗೆ ಕನ್ನಡ ಬರುತ್ತೆ’ ಎಂಬುವುಗಳನ್ನೂ ಇದರ ಜೊತೆ ಕಲಸಬಾರದು. ಅಲ್ಲಿ ‘ಗೆ’ ಬರುವುದು ಹಸಿವು, ಅರಿವು, ಇಷ್ಟದಂಥ ಅರ್ಥದಿಂದ. ಕ್ರಿಯೆ ಸಕರ್ಮಕವೋ, ಮುಗಿದಿದೆಯೋ ಎಂಬುದರಿಂದಲ್ಲ.

ನಮ್ಮ ಸೀಮೆಯಲ್ಲಿ ಈ ಕಥೆಗೆ ಸ್ವಾರಸ್ಯ ತರುವುದು ದಖ್ಖನಿ. ಹರಪನಹಳ್ಳಿ, ಕೊಟ್ಟೂರು, ಹಡಗಲಿಯ ಮುಸ್ಲಿಂ ಮನೆಗಳಲ್ಲಿ ಆಡುವ ಈ ಮಾತು ಹಿಂದಿ–ಉರ್ದುವಿನ ಒಡಹುಟ್ಟು. ಆದರೆ ಅಲ್ಲಿ ‘ಮೈ ರೋಟಿ ಖಾಯಾ’ ಎಂಬುದೇ ಸಹಜ. ‘ನೇ’ ಇಲ್ಲ, ರೊಟ್ಟಿ ಸ್ತ್ರೀಲಿಂಗವಾದರೂ ಕ್ರಿಯಾಪದ ತಿಂದವನ ಕಡೆಗೆ. ನಮ್ಮ ಹುಡುಗ ಬರೆದ ತಪ್ಪು ವಾಕ್ಯ ದಖ್ಖನಿಯಲ್ಲಿ ಸರಿಯಾದ ವಾಕ್ಯ. ಹಾಗಾಗಿ ಮನೆಯಲ್ಲಿ ದಖ್ಖನಿ ಆಡುವ ಹುಡುಗಿಗೆ ಹಿಂದಿ ಪದಗಳು ಬಂದರೂ ಈ ಜಾಗದಲ್ಲಿ ಕೆಂಪು ಗೆರೆ ತಪ್ಪುವುದಿಲ್ಲ.

‘ಉನೇ ರೋಟಿ ಖಾಯಾ’ ಎನ್ನುತ್ತಾರಲ್ಲ, ಅಲ್ಲಿ ‘ನೇ’ ಇದೆಯಲ್ಲ ಎನ್ನಬಹುದು. ‘ಉನೇ ಆಯಾ’ ಎಂದೂ ಅನ್ನುತ್ತಾರೆ. ಬಂದವನಿಗೂ ತಿಂದವನಿಗೂ ಒಂದೇ ‘ಉನೇ’ ಇದ್ದರೆ ಅದು ಎರ್ಗೆಟಿವ್ ಗುರುತಲ್ಲ, ಬರೀ ‘ಅವನು’.

ದಖ್ಖನಿಯಲ್ಲಿ ‘ನೇ’ ಇಲ್ಲದಿರುವುದು ಕನ್ನಡ, ತೆಲುಗಿನ ಸಹವಾಸದಿಂದ ಆದದ್ದು ಎನ್ನುವುದುಂಟು. ನನಗೆ ಆ ವಿವರಣೆ ಪೂರ್ತಿ ಒಪ್ಪಿಗೆಯಿಲ್ಲ. ದ್ರಾವಿಡ ಭಾಷೆಗಳ ಇಂಥ ನೆರೆ ಇಲ್ಲದ ಭೋಜಪುರಿಯಲ್ಲೂ ‘ನೇ’ ಇಲ್ಲ. ಇತ್ತ ಕನ್ನಡದ ಜೊತೆ ಶತಮಾನಗಟ್ಟಲೆ ಗಡಿ ಹಂಚಿಕೊಂಡ ಮರಾಠಿ ಇದನ್ನು ಬಿಟ್ಟಿಲ್ಲ: ‘ತ್ಯಾನೇ ಪೋಳೀ ಖಾಲ್ಲೀ’. ಮರಾಠಿಯ ಚಮತ್ಕಾರ ಬೇರೆ. ‘ನಾನು’ ಎಂಬುದಕ್ಕೆ ‘ನೇ’ ಬೇಡ, ಆದರೂ ಕ್ರಿಯಾಪದ ಕರ್ಮದ ಕಡೆಗೇ: ‘ಮೀ ಪೋಳೀ ಖಾಲ್ಲೀ’, ‘ಮೀ ಆಂಬಾ ಖಾಲ್ಲಾ’. ಹೆಸರಿಗೆ ಅಂಟುವ ಗುರುತು, ಕ್ರಿಯಾಪದದ ಹೊಂದಿಕೆ ಎರಡೂ ಬೇರೆ ಬೇರೆ ಸಂಗತಿಗಳು. ಒಂದು ಹೋದರೂ ಇನ್ನೊಂದು ಉಳಿಯಬಹುದು.

ಈ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರ ಜೊತೆ ಕೂತು ಅವರ ಮಾತಿನಲ್ಲಿ ಎರ್ಗೆಟಿವ್ ಇದೆಯೇ ಎಂದು ಪರೀಕ್ಷಿಸುವವರು ವಾಕ್ಯಗಳನ್ನು ಜಾಣತನದಿಂದ ಆರಿಸಬೇಕು. ಮೊದಲು ಆ ಮಾತಿನಲ್ಲಿ ಯಾವ ವಸ್ತು ಯಾವ ಲಿಂಗ ಎಂದು ತಿಳಿದುಕೊಳ್ಳಿ. ಆಮೇಲೆ ‘ಹುಡುಗ ಬಂದ’, ‘ಹುಡುಗಿ ಬಂದಳು’ ಕೇಳಿ. ನಂತರ ಹುಡುಗ ಸ್ತ್ರೀಲಿಂಗದ ವಸ್ತು ತಿಂದದ್ದು, ಹುಡುಗಿ ಪುಲ್ಲಿಂಗದ್ದು ತಿಂದದ್ದು. ತಿಂದವರೂ ತಿಂದದ್ದೂ ಒಂದೇ ಲಿಂಗವಾದರೆ ಕ್ರಿಯಾಪದ ಯಾರ ಕಡೆಗಿದೆ ಎಂದು ಗೊತ್ತೇ ಆಗುವುದಿಲ್ಲ. ಕರ್ಮ ನಿರ್ಜೀವವಾಗಿರಲಿ, ಇಲ್ಲದಿದ್ದರೆ ಅದಕ್ಕೆ ‘ಕೋ’ದಂಥ ಪ್ರತ್ಯಯ ಸೇರಿ ಹೊಂದಿಕೆ ಅಳಿಸಿಹೋಗಬಹುದು. ‘ತರು’, ‘ಮರೆ’ ಎಂಬ ಕ್ರಿಯೆಗಳನ್ನು ದೂರ ಇಡಿ. ಹಿಂದಿಯಲ್ಲೇ ‘ಲಾನಾ’, ‘ಭೂಲನಾ’ ಸಕರ್ಮಕವಾದರೂ ‘ನೇ’ ಬೇಡುವುದಿಲ್ಲ. ಕನ್ನಡ ವಾಕ್ಯ ಹೇಳಿ ಅನುವಾದ ಕೇಳಿದರೆ ಉತ್ತರವೂ ಕನ್ನಡದ ಅಚ್ಚಿಗೆ ಬೀಳಬಹುದು. ನಿನ್ನೆ ಮನೆಯಲ್ಲಿ ಯಾರು ಏನು ತಿಂದರು ಎಂದು ಅವರವರೇ ಹೇಳಿಕೊಳ್ಳುವಾಗ ಕಿವಿಗೊಟ್ಟು ಬರೆದುಕೊಳ್ಳುವುದು ವಾಸಿ.