‘ಅಕ್ಕಾ, ಇದು ಓಕೆನಾ?’

ಇಂಟೀರಿಯರ್ ಡಿಸೈನರ್ ಆಗಿರುವವರ ವಾಟ್ಸ್‌ಆ್ಯಪ್ ತೆರೆದರೆ ಇಂಥದ್ದೊಂದು ಸಂದೇಶ ಇದ್ದೇ ಇರುತ್ತದೆ. ಒಂದು ಹಾಲ್‌ನ ಫೋಟೊ, ಕೆಳಗೆ ಒಂದೇ ಸಾಲು: ‘ಅಕ್ಕಾ, ಇದು ಓಕೆನಾ?’ ಕಳಿಸಿದವರು ಚಿಕ್ಕಮ್ಮನ ಮಗನೋ ಹಳೆಯ ಸಹೋದ್ಯೋಗಿಯೋ ಆಗಿರುತ್ತಾರೆ. ‘ಸೂಪರ್’ ಎಂದು ಹೆಬ್ಬೆರಳು ತೋರಿಸಿ ಮುಗಿಸಬಹುದು. ಇಲ್ಲವೇ ಗೋಡೆಯ ಬಣ್ಣದಿಂದ ಕಾಲೊರಸಿನವರೆಗೆ ಹನ್ನೆರಡು ತಪ್ಪು ಪಟ್ಟಿ ಮಾಡಬಹುದು. ಎರಡರಿಂದಲೂ ಕೇಳಿದವರಿಗೆ ಏನೂ ಸಿಗುವುದಿಲ್ಲ.

ಅನುಭವಿಗಳು ಉತ್ತರಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ‘ಸೋಫಾ ಇನ್ನೂ ವಾಪಸ್ ಕೊಡೋಕಾಗುತ್ತಾ, ಇಲ್ಲ ಅದು ಇರೋದೇನಾ?’ ಕೇಳಿದವರ ಮನಸ್ಸಿನಲ್ಲಿರುವುದು ಅರ್ಧಪಾಲು ಇದರಲ್ಲೇ ಹೊರಬರುತ್ತದೆ. ವಾಪಸ್ ಕೊಡಲು ಇನ್ನೂ ದಿನಗಳಿದ್ದರೆ ‘ಕೋಣೆಗೆ ದೊಡ್ಡದಾಯ್ತು’ ಎಂಬ ಮಾತಿಗೆ ಬೆಲೆಯಿದೆ. ದುಡ್ಡು ಕೊಟ್ಟು, ಬಿಲ್ ಹರಿದು ಹಾಕಿ ಆಗಿದ್ದರೆ ಅದೇ ಮಾತು ಬರೀ ಬೇಸರ ತರುತ್ತದೆ. ಬಾಡಿಗೆ ಮನೆಯೋ ಸ್ವಂತದ್ದೋ ಎಂಬುದೂ ಗೊತ್ತಿರಬೇಕು. ಗೋಡೆಗೆ ಡ್ರಿಲ್ ಹಾಕಲು ಮಾಲೀಕರು ಬಿಡದ ಮನೆಗೆ ಫಾಲ್ಸ್ ಸೀಲಿಂಗ್ ಸಲಹೆ ಕೊಟ್ಟು ಏನು ಪ್ರಯೋಜನ?

ಆಮೇಲೆ ಫೋಟೊ ಓದುವ ಕೆಲಸ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಮೊಬೈಲ್ ಕ್ಯಾಮೆರಾ ಕೋಣೆಯನ್ನು ಇದ್ದ ಹಾಗೆ ತೋರಿಸುವುದಿಲ್ಲ. ಇಡೀ ಹಾಲ್ ಹಿಡಿಯಲೆಂದು 0.5x ಒತ್ತಿ ತೆಗೆದ ಚಿತ್ರದಲ್ಲಿ ಕೋಣೆ ಉದ್ದವಾಗಿ ಕಾಣುತ್ತದೆ, ಅಂಚಿಗೆ ಬಂದ ಸೋಫಾ ಎಳೆದು ಹಿಗ್ಗಿಸಿದಂತಿರುತ್ತದೆ. ಚೌಕಟ್ಟಿನಲ್ಲಿ ಬೆಳಕು ತುಂಬಿದ ಕಿಟಕಿಯಿದ್ದರೆ ಕ್ಯಾಮೆರಾ ಅದಕ್ಕೆ ಹೊಂದಿಕೊಂಡು ಕೋಣೆಯನ್ನು ಕತ್ತಲಾಗಿಸುತ್ತದೆ. ಅಂಥ ಫೋಟೊ ನೋಡಿ ‘ಬೆಳಕು ಕಮ್ಮಿ’ ಎಂದುಬಿಟ್ಟರೆ ತಪ್ಪಾಗಬಹುದು. ಮಧ್ಯಾಹ್ನ ಲೈಟ್ ಹಾಕದೆ ಸೋಫಾದಲ್ಲಿ ಕೂತು ಪೇಪರ್ ಓದಲು ಆಗುತ್ತದೆಯೇ ಎಂದು ಕೇಳುವುದೇ ಸರಿಯಾದ ಪರೀಕ್ಷೆ.

ಬಣ್ಣದ ವಿಷಯದಲ್ಲಿ ಸ್ವಿಚ್‌ಬೋರ್ಡ್ ಸಹಾಯಕ್ಕೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಬಿಳಿ. ಫೋಟೊದಲ್ಲಿ ಅದು ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಗೋಡೆಯ ಬಣ್ಣವನ್ನೂ ನಂಬುವಂತಿಲ್ಲ, ಕುಷನ್ ಬಣ್ಣದ ಬಗ್ಗೆ ಅಭಿಪ್ರಾಯ ಹೇಳುವುದನ್ನು ಸದ್ಯಕ್ಕೆ ಬಿಡುವುದು ಒಳ್ಳೆಯದು. ಅಳತೆಗೆ ನೆಲವೇ ಟೇಪು. ಫ್ಲ್ಯಾಟ್‌ಗಳಲ್ಲಿ ಸಾಮಾನ್ಯವಾಗಿ ಹಾಕುವ ವಿಟ್ರಿಫೈಡ್ ಟೈಲ್ಸ್ ಎರಡಡಿಗೆ ಎರಡಡಿ. ಅದೇ ಅಳತೆಯದು ಹೌದಾ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಂಡು ಸಾಲು ಎಣಿಸಿದರೆ ಸಾಕು, ಹಾಲ್ ಎಷ್ಟಗಲ, ಸೋಫಾ ಎಷ್ಟುದ್ದ ಎಂಬುದು ಹೆಚ್ಚುಕಮ್ಮಿ ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್. ರಾತ್ರಿ ಎಂಟರ ಹೊತ್ತಿಗೆ ಮುಂಬಾಗಿಲಲ್ಲಿ ನಿಂತು ತೆಗೆದ ಫೋಟೊ. ಅಡ್ಡಕ್ಕೆ ಐದು ಟೈಲ್ಸ್, ಉದ್ದಕ್ಕೆ ಏಳು, ಅಂದರೆ ಹತ್ತಡಿಗೆ ಹದಿನಾಲ್ಕಡಿ ಹಾಲ್. ಎಡಗೋಡೆಗೆ ಮೂರು ಜನ ಕೂರುವ ಹೊಸ ಸೋಫಾ, ಅದರ ಮೇಲೆ ಗೋಡೆಯಲ್ಲಿ ಟ್ಯೂಬ್‌ಲೈಟ್. ಎದುರು ಗೋಡೆಗೆ ಟಿವಿ ಯೂನಿಟ್, ಮಧ್ಯೆ ಟೀಪಾಯಿ. ತುದಿಯಲ್ಲಿ ಬಾಲ್ಕನಿಯ ಗಾಜಿನ ಬಾಗಿಲು, ಅದಕ್ಕೆ ಬೆನ್ನು ಕೊಟ್ಟು ಒಂಟಿ ಕುರ್ಚಿ.

ಮೊದಲ ನೋಟಕ್ಕೆ ಚೆಂದವಾಗಿಯೇ ಇದೆ. ಲೆಕ್ಕ ಹಾಕಿದಾಗ ತೊಡಕು ತಿಳಿಯುತ್ತದೆ. ಹತ್ತಡಿ ಅಗಲದಲ್ಲಿ ಸೋಫಾಕ್ಕೆ ಮೂರಡಿ ಹೋಯಿತು. ಕಾಲು ಚಾಚಲು ಒಂದೂವರೆ ಅಡಿ, ಟೀಪಾಯಿಗೆ ಎರಡಡಿ, ಟಿವಿ ಯೂನಿಟ್‌ಗೆ ಒಂದೂವರೆ. ಉಳಿದದ್ದು ಎರಡೇ ಅಡಿ. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗುವವರು ಬಕೆಟ್ ಹಿಡಿದು ಆ ಎರಡಡಿಯಲ್ಲಿ ಟಿವಿಯ ಮುಂದೆಯೇ ಹಾದುಹೋಗಬೇಕು. ಮನೆಯೊಳಗೆ ಆರಾಮಾಗಿ ಓಡಾಡಲು ಎರಡೂವರೆಯಿಂದ ಮೂರಡಿ ಬೇಕು. ಅಷ್ಟು ಸಾಲದೆಂಬಂತೆ, ದಾರಿಯ ಕೊನೆಯಲ್ಲಿ ಆ ಕುರ್ಚಿ ಬಾಗಿಲಿಗೂ ಹಗಲಿನ ಬೆಳಕಿಗೂ ಅಡ್ಡ ಕೂತಿದೆ.

ಟೀಪಾಯಿಯನ್ನು ಸೋಫಾದ ಕಡೆ ತಳ್ಳಿದರೆ ಆಯಿತಲ್ಲ ಎನಿಸಬಹುದು. ತಳ್ಳಿದರೆ ಕೂತವರ ಮೊಣಕಾಲು ತಾಗುತ್ತದೆ, ಎರಡೇ ದಿನಕ್ಕೆ ಅದು ತನ್ನ ಹಳೆಯ ಜಾಗಕ್ಕೆ ಬರುತ್ತದೆ. ಅದನ್ನು ಒಂದು ವಾರ ಬೆಡ್‌ರೂಮಿನಲ್ಲಿಟ್ಟು, ಕಾಫಿ ಲೋಟ ಇಡಲು ಸೋಫಾದ ಪಕ್ಕಕ್ಕೆ ಒಂದು ಸ್ಟೂಲ್ ಹಾಕಿ ನೋಡುವುದು ವಾಸಿ. ಕುರ್ಚಿ ಮುಂಬಾಗಿಲ ಕಡೆಯ ಮೂಲೆಗೆ ಬರಲಿ. ಇಲ್ಲಿಗೆ ಒಂದು ರೂಪಾಯಿಯೂ ಖರ್ಚಾಗಿಲ್ಲ, ಹಿಡಿಸದಿದ್ದರೆ ಎಲ್ಲವನ್ನೂ ಮೊದಲಿನ ಹಾಗೆ ಇಡಬಹುದು. ಫೋಟೊ ನೋಡಿ ಕೊಡುವ ಸಲಹೆಗೆ ಇದೇ ಸರಿಯಾದ ಮಿತಿ. ನೋಡದ ಮನೆಗೆ ಹೊಸ ಸಾಮಾನು ಕೊಳ್ಳಿ ಎನ್ನುವ ಮುನ್ನ ಇದ್ದದ್ದನ್ನು ಸರಿಸಿ ನೋಡಲು ಹೇಳಬೇಕು.

ಇನ್ನು ಬೆಳಕು. ಅದೇ ಫೋಟೊದಲ್ಲಿ ಟಿವಿಯ ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆಯಿದೆ. ಸೋಫಾದ ಮೇಲಿನ ಟ್ಯೂಬ್‌ಲೈಟಿನ ಪ್ರತಿಫಲನ ಅದು. ಟಿವಿ ನೋಡುವಾಗ ದಿನವೂ ಕಣ್ಣಿಗೆ ಹೊಡೆಯುತ್ತಿರುತ್ತದೆ, ಲೈಟ್ ಆರಿಸಿದರೆ ಹಾಲ್ ಪೂರ್ತಿ ಕತ್ತಲು. ತೊಂದರೆ ಟ್ಯೂಬ್‌ಲೈಟಿನದಲ್ಲ, ಇರುವುದು ಅದೊಂದೇ ಎಂಬುದು. ಟ್ಯೂಬ್‌ಲೈಟ್ ಕಂಡರೆ ಮೂಗು ಮುರಿಯುವ ಡಿಸೈನರ್‌ಗಳಿದ್ದಾರೆ. ಆದರೆ ಕಸ ಗುಡಿಸುವಾಗ, ಮಕ್ಕಳು ಹೋಂವರ್ಕ್ ಮಾಡುವಾಗ ಆ ಬಿಳಿ ಬೆಳಕೇ ಬೇಕು. ಅದು ಇರಲಿ. ಟಿವಿ ಯೂನಿಟ್‌ನ ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್, ಸೋಫಾದ ಪಕ್ಕ ಇನ್ನೊಂದು ನಿಲ್ಲಿಸುವ ಲ್ಯಾಂಪ್ ಬಂದರೆ ಸಂಜೆಯ ಹೊತ್ತಿಗೆ ಟ್ಯೂಬ್ ಆರಿಸಿ ಕೂರಬಹುದು. ಎರಡಕ್ಕೂ ಪ್ಲಗ್ ಸಾಕು, ಗೋಡೆ ಕೊರೆಯಬೇಕಿಲ್ಲ. ಪ್ಲಗ್ ಪಾಯಿಂಟ್ ಎಲ್ಲಿದೆ ಎಂಬುದನ್ನು ಫೋಟೊದಲ್ಲೇ ಹುಡುಕಿ ಹೇಳಿದರೆ ಇನ್ನೂ ಉಪಕಾರ.

ಬಲ್ಬ್ ಕೊಳ್ಳುವಾಗ ವಾಟ್ ಜೊತೆಗೆ ಡಬ್ಬದ ಮೇಲಿನ ಇನ್ನೊಂದು ಅಂಕಿಯನ್ನೂ ನೋಡಬೇಕು. 6500K ಎಂದಿದ್ದರೆ ಟ್ಯೂಬ್‌ಲೈಟಿನಂಥ ನೀಲಿ ಬೆರೆತ ಬಿಳುಪು. 2700K ಅಥವಾ 3000K ಎಂದಿದ್ದರೆ ಅದು ಹಳೆಯ ಬುರುಡೆ ಬಲ್ಬಿನ ಹೊಂಬಣ್ಣ, ಅಂಗಡಿಯಲ್ಲಿ ‘ವಾರ್ಮ್ ವೈಟ್’ ಎಂದರೆ ಕೊಡುತ್ತಾರೆ. ಎರಡೂ ಲ್ಯಾಂಪಿಗೆ ಒಂದೇ ಅಂಕಿಯ ಬಲ್ಬ್ ಇರಬೇಕು. ಒಂದು ಬಿಳಿ, ಇನ್ನೊಂದು ಹಳದಿ ಒಟ್ಟಿಗೆ ಉರಿದರೆ ಒಂದೇ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ.

ಇಷ್ಟೆಲ್ಲ ಕಂಡರೂ ಕಳಿಸುವ ಉತ್ತರ ಚಿಕ್ಕದಿರಬೇಕು. ‘ಸೋಫಾ ಜಾಗಕ್ಕೆ ಸರಿಯಾಗಿದೆ, ಬದಲಾಯಿಸ್ಬೇಡ. ಬಾಲ್ಕನಿಗೆ ಹೋಗೋ ದಾರಿ ಇಕ್ಕಟ್ಟು, ಟೀಪಾಯಿ ತೆಗೆದು, ಆ ಕುರ್ಚಿನ ಈಚೆ ಮೂಲೆಗೆ ಹಾಕಿ ನೋಡು. ಟಿವಿ ಮೇಲೆ ಟ್ಯೂಬ್‌ಲೈಟ್ ಹೊಡೀತಿದೆಯಾ?’ ಕೇಳಿದ್ದಕ್ಕೆ ಉತ್ತರ ಮೊದಲು, ಆಮೇಲೆ ಒಂದು ಸಲಹೆ, ಕೊನೆಗೆ ಒಂದು ಪ್ರಶ್ನೆ. ‘ಹೌದಕ್ಕಾ, ಅದೇ ತಲೆನೋವು’ ಎಂದು ಅತ್ತಲಿಂದ ಬಂದರೆ ಲ್ಯಾಂಪಿನ ಮಾತು ತೆಗೆಯಬಹುದು. ಬರದಿದ್ದರೆ ಅಲ್ಲಿಗೆ ಬಿಡುವುದು. ಪರದೆಯ ಹೂವು, ಗೋಡೆಯ ಮೇಲಿನ ಮದುವೆ ಫೋಟೊ, ಷೋಕೇಸಿನ ಗೊಂಬೆಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಅವು ಮನೆಯವರ ಇಷ್ಟ.

ಫೋಟೊ ಕಳಿಸುವವರಿಗೂ ಒಂದು ಮಾತು. ಕೋಣೆಯ ಮೂಲೆಯಲ್ಲಿ ನಿಂತು, ಮೊಬೈಲನ್ನು ಎದೆಯ ಮಟ್ಟದಲ್ಲಿ ನೆಟ್ಟಗೆ ಹಿಡಿದು, 1x ನಲ್ಲೇ ತೆಗೆಯಿರಿ. ಹಗಲಲ್ಲಿ ಲೈಟ್ ಹಾಕದೆ ಒಂದು, ರಾತ್ರಿ ಲೈಟ್ ಹಾಕಿ ಇನ್ನೊಂದು, ಎದುರು ಮೂಲೆಯಿಂದ ಮತ್ತೊಂದು ಇರಲಿ. ಯಾವುದನ್ನು ಬದಲಿಸಲು ಆಗುವುದಿಲ್ಲ, ಯಾವುದು ಇರುಸುಮುರುಸು ಮಾಡುತ್ತಿದೆ ಎಂದು ‘ಓಕೆನಾ’ ಜೊತೆಗೇ ಎರಡು ಸಾಲು ಬರೆದು ಕಳಿಸಿ.