ಎಲ್ಲ ಮಂಜೂ ಪೊರೆಯಲ್ಲ

58 ವರ್ಷದ ಒಬ್ಬ ಮೇಷ್ಟ್ರನ್ನು ಊಹಿಸಿಕೊಳ್ಳಿ. ಚಿಕ್ಕಂದಿನಿಂದ ಅವರಿಗೆ ಮೈನಸ್ 8ರ ಕನ್ನಡಕ. ಸೋಮವಾರ ರಾತ್ರಿ ದೀಪ ಆರಿಸಿದ ಮೇಲೆ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಯಿತು. ಬೆಳಿಗ್ಗೆ ಎದ್ದರೆ ಮಸಿ ಎರಚಿದ ಹಾಗೆ ಕಪ್ಪು ಚುಕ್ಕೆಗಳು ಕಣ್ಣೆದುರು ತೇಲುತ್ತಿದ್ದವು. ಬುಧವಾರದ ಹೊತ್ತಿಗೆ ಅದೇ ಕಣ್ಣಿನ ನೋಟದ ಕೆಳಭಾಗಕ್ಕೆ ನೆರಳು ಕವಿದಿತ್ತು. ನೋವಿಲ್ಲ, ಕೆಂಪಿಲ್ಲ. "ವಯಸ್ಸಾಯ್ತಲ್ಲ ರೀ, ಪೊರೆ ಬಂದಿರ್ಬೇಕು. ಹಬ್ಬ ಮುಗೀಲಿ, ತೋರಿಸೋಣ" ಎಂದರು ಹೆಂಡತಿ.

ಇದು ಪೊರೆಯೇ? ಕಣ್ಣಿನ ಡಾಕ್ಟರು ಉಪಕರಣ ಮುಟ್ಟುವ ಮೊದಲೇ ಕೇಳುವ ಮೂರು ಪ್ರಶ್ನೆಗಳಲ್ಲಿ ಇದಕ್ಕೆ ಉತ್ತರವಿದೆ.

ಮೊದಲನೆಯದು: ಎಷ್ಟು ದಿನದಿಂದ? ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ತೆರೆಯಲ್ಲ, ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ವಯಸ್ಸಿನಿಂದ ಬರುವ ಪೊರೆಗೆ ತಿಂಗಳುಗಳು, ವರ್ಷಗಳು ಹಿಡಿಯುತ್ತವೆ. ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತದೆ, ರಾತ್ರಿ ಎದುರು ಬರುವ ಗಾಡಿಯ ಹೆಡ್‌ಲೈಟ್ ಕಣ್ಣು ಕುಕ್ಕುತ್ತದೆ. ಕೆಲವರಿಗೆ ಸ್ವಲ್ಪ ಕಾಲ ಕನ್ನಡಕವಿಲ್ಲದೆಯೇ ಪೇಪರ್ ಓದಲು ಬರುತ್ತದೆ. ಮಸೂರ ಗಟ್ಟಿಯಾಗಿ ಸಮೀಪದೃಷ್ಟಿ ಬಂದದ್ದರ ಫಲ ಅದು, ಕಣ್ಣು ಸರಿಹೋಯಿತೆಂದಲ್ಲ. ಆದರೆ ಮೇಷ್ಟ್ರ ತೊಂದರೆ ಮೂರೇ ದಿನದ್ದು.

ಎರಡನೆಯದು: ನೋವಿದೆಯೇ? ಗ್ಲಾಕೋಮಾ ಎರಡು ಬಗೆಯಲ್ಲಿ ಬರುತ್ತದೆ. ಹಠಾತ್ತಾಗಿ ಬರುವ ಬಗೆಯಲ್ಲಿ ಕಣ್ಣೊಳಗಿನ ದ್ರವ ಹೊರಹೋಗುವ ದಾರಿ ಒಮ್ಮೆಲೇ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರುವ ಕಣ್ಣೊತ್ತಡ 40 ದಾಟಿಬಿಡಬಹುದು. ಕಣ್ಣು ಕೆಂಪಾಗಿ ಸಿಡಿಯುತ್ತದೆ, ಅದೇ ಕಡೆಯ ತಲೆ ಒಡೆದುಹೋಗುವಂತೆ ನೋಯುತ್ತದೆ, ದೀಪದ ಸುತ್ತ ಕಾಮನಬಿಲ್ಲಿನ ಬಳೆಗಳು ಕಾಣುತ್ತವೆ, ವಾಂತಿಯೂ ಆಗುತ್ತದೆ. ಎಷ್ಟೋ ಮಂದಿ ಇದನ್ನು ಪಿತ್ತ ಕೆರಳಿದ್ದು ಅಥವಾ ಮೈಗ್ರೇನ್ ಎಂದುಕೊಂಡು ಮಾತ್ರೆ ನುಂಗಿ ಮಲಗುತ್ತಾರೆ. ವಾಂತಿಯ ಜೊತೆ ಒಂದು ಕಣ್ಣು ಕೆಂಪಾಗಿ ಮಂಜಾಗಿದ್ದರೆ ಹೋಗಬೇಕಾದದ್ದು ಕಣ್ಣಾಸ್ಪತ್ರೆಗೆ, ಅದೂ ಆಗಲೇ. ಇನ್ನೊಂದು ಬಗೆಯ ಗ್ಲಾಕೋಮಾ ಸದ್ದಿಲ್ಲದ್ದು. ನೋವಿಲ್ಲದೆ ವರ್ಷಗಟ್ಟಲೆ ನೋಟದ ಅಂಚುಗಳನ್ನು ಕಬಳಿಸುತ್ತದೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿಯೇ ಇರುವುದರಿಂದ ಲಕ್ಷಣ ನೋಡಿ ಇದನ್ನು ಹಿಡಿಯಲಾಗದು. ಒತ್ತಡ ಅಳೆದು, ಕಣ್ಣಿನ ನರ ನೋಡಿದಾಗಲೇ ಸಿಗುತ್ತದೆ.

ಮೂರನೆಯದು: ಎಲ್ಲಿ ಕಾಣುತ್ತಿಲ್ಲ? ಪೊರೆ ಬಂದರೆ ಮಂಜು ಹಿಡಿದ ಗಾಜಿನ ಹಿಂದೆ ನಿಂತಂತೆ ನೋಟವೆಲ್ಲ ಮಸುಕು. ಮೇಷ್ಟ್ರಿಗೆ ಮಸುಕಾದದ್ದು ಒಂದೇ ಕಣ್ಣಿನ ಒಂದು ಭಾಗ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿದರೆ ಮೇಲಿನ ದೇವರ ಚಿತ್ರ ಸ್ಪಷ್ಟ, ಕೆಳಗಿನ ತಾರೀಖುಗಳೇ ಇಲ್ಲ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ಅಕ್ಷಿಪಟ, ಅಂದರೆ ರೆಟಿನಾ, ಹರಿದು ಕಳಚುತ್ತಿದೆ. ಹೆಚ್ಚು ಮೈನಸ್ ಇರುವ ಕಣ್ಣು ಉದ್ದವಾಗಿರುವುದರಿಂದ ಅದರ ಅಕ್ಷಿಪಟ ತೆಳು, ಈ ಅಪಾಯವೂ ಹೆಚ್ಚು. ಅಕ್ಷಿಪಟ ಎಳೆಯಲ್ಪಟ್ಟಾಗ ಅದಕ್ಕೆ ನೋವು ಗೊತ್ತಾಗದು, ಬೆಳಕು ಮಾತ್ರ ಗೊತ್ತು. ಆದ್ದರಿಂದಲೇ ಆ ಮಿಂಚು. ಚುಕ್ಕೆಗಳು ಹರಿದ ಜಾಗದಿಂದ ಉದುರಿದ ಬಣ್ಣದ ಕಣಗಳು, ರಕ್ತದ ಹನಿಗಳು.

ನೆರಳು ಕೆಳಗಿದೆ ಎಂದರೆ ಕಳಚಿದ್ದು ಮೇಲ್ಭಾಗ, ಏಕೆಂದರೆ ಅಕ್ಷಿಪಟದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಮೇಲಿಂದ ಕಳಚಿದ್ದಕ್ಕೆ ಅವಸರ ಹೆಚ್ಚು. ದ್ರವ ತನ್ನ ಭಾರಕ್ಕೆ ಕೆಳಗಿಳಿದು ನಡುವಿನ ಮ್ಯಾಕುಲಾವನ್ನೂ ಎಬ್ಬಿಸಬಹುದು. ಓದುವುದು, ಮುಖ ಗುರುತಿಸುವುದು ಅಲ್ಲಿಂದಲೇ. ಅದು ಕಳಚುವ ಮೊದಲೇ ಆಪರೇಷನ್ ಆದರೆ ಓದುವ ನೋಟ ಉಳಿಯುವ ಸಾಧ್ಯತೆ ತುಂಬ ಹೆಚ್ಚು. ಕಳಚಿದ ಮೇಲೆ ಅಕ್ಷಿಪಟವನ್ನು ಮತ್ತೆ ಅಂಟಿಸಬಹುದು, ಆದರೆ ಮೊದಲಿನ ನೋಟ ಪೂರ್ತಿ ಮರಳುವುದು ಕಷ್ಟ.

ಮೂರು ಕಾಯಿಲೆಗಳು ಒಂದರ ಮೇಲೊಂದು ಬರುವುದೂ ಉಂಟು. "ಪೊರೆ ಹಣ್ಣಾಗಲಿ" ಎಂದು ಕಾಯುವ ಹಳೆಯ ಅಭ್ಯಾಸದಿಂದ ಮಸೂರ ಊದಿಕೊಂಡು ಗ್ಲಾಕೋಮಾವನ್ನೇ ತರಬಹುದು. ದಪ್ಪ ಪೊರೆಯ ಹಿಂದೆ ಕಳಚಿದ ಅಕ್ಷಿಪಟ ಅಡಗಿರಬಹುದು. ಆಗ ಡಾಕ್ಟರು ಒಂದು ಕಣ್ಣು ಮುಚ್ಚಿಸಿ, ಇನ್ನೊಂದಕ್ಕೆ ಬೇರೆ ಬೇರೆ ದಿಕ್ಕಿನಿಂದ ಟಾರ್ಚ್ ಬಿಟ್ಟು "ಬೆಳಕು ಎಲ್ಲಿಂದ ಬರ್ತಿದೆ ಹೇಳಿ" ಎನ್ನುತ್ತಾರೆ. ಬರೀ ಪೊರೆಯಾಗಿದ್ದರೆ, ಅದೆಷ್ಟೇ ಬಲಿತಿರಲಿ, ದಿಕ್ಕು ತಿಳಿಯುತ್ತದೆ. ತಿಳಿಯದಿದ್ದರೆ ತೊಂದರೆ ಮಸೂರದ ಹಿಂದಿದೆ. ಒಳಗೇನಾಗಿದೆ ಎಂಬುದನ್ನು ಸ್ಕ್ಯಾನಿಂಗ್‌ನಲ್ಲಿ ನೋಡಬೇಕು.

ಮೇಷ್ಟ್ರು ಹಬ್ಬಕ್ಕೆ ಕಾಯಬಾರದು. ದೇವರ ಚಿತ್ರ ಇನ್ನೂ ಸ್ಪಷ್ಟವಾಗಿ ಕಾಣುತ್ತಿರುವಾಗಲೇ, ಆ ಬುಧವಾರವೇ ರೆಟಿನಾ ಡಾಕ್ಟರ ಮುಂದೆ ಕೂರಬೇಕು.